ಎರಡು ಸಾಲಿನ ಅಂಕೆಯಲ್ಲಿ ಕನ್ನಡದ ಮಾತು: ಇಂಗ್ಲಿಷ್ ಅಡಿಬರಹಗಳ ವಿಮರ್ಶೆಗೆ ಒಂದು ಪ್ರವೇಶ

ಕನ್ನಡ ಚಲನಚಿತ್ರವೊಂದು ದೆಹಲಿಯಲ್ಲೋ ಮುಂಬಯಿಯಲ್ಲೋ ಪ್ರದರ್ಶನಗೊಂಡಾಗ ಸಭಾಂಗಣದಲ್ಲಿ ಎರಡು ಬಗೆಯ ಪ್ರೇಕ್ಷಕರಿರುತ್ತಾರೆ. ಕನ್ನಡವನ್ನರಿಯದವರು ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ನಂಬಿ ಕುಳಿತವರು. ಇನ್ನೊಂದು ಬಗೆಯವರು ಹೊರನಾಡ ಕನ್ನಡಿಗರು. ಇವರು ಕಿವಿಯಿಂದ ಕನ್ನಡವನ್ನು ಕೇಳುತ್ತಲೇ ಕಣ್ಣಿನಿಂದ ಇಂಗ್ಲಿಷನ್ನು ಓದುವವರು. ಇವರ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯ ಕನ್ನಡ ತಿಳಿಯುತ್ತದೆ, ಆದರೆ ಮಂಡ್ಯದ ಅಥವಾ ಧಾರವಾಡದ ಆಡುಮಾತು ಪೂರ್ತಿ ದಕ್ಕುವುದಿಲ್ಲ; ದಕ್ಕದ ಕಡೆ ಅವರೂ ಅಡಿಬರಹಕ್ಕೆ ಮೊರೆಹೋಗುತ್ತಾರೆ. ಬೇರೆಯ ಯಾವ ಅನುವಾದವೂ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಇಷ್ಟು ಬಹಿರಂಗವಾಗಿ ಪರೀಕ್ಷೆಗೆ ಒಳಗಾಗುವುದಿಲ್ಲ. ಹೀಗಿದ್ದರೂ ನಮ್ಮ ಅನುವಾದ ವಿಮರ್ಶೆ ಕಾವ್ಯ, ಕಾದಂಬರಿ, ನಾಟಕಗಳಿಗೆ ನೀಡಿದ ಗಮನವನ್ನು ಅಡಿಬರಹಕ್ಕೆ, ಎಂದರೆ ಎಲ್ಲರೂ ಸಬ್‌ಟೈಟಲ್ ಎಂದು ಕರೆಯುವ ಈ ಬರವಣಿಗೆಗೆ, ನೀಡಿಲ್ಲ. ನೀಡಿದಾಗಲೂ ಚರ್ಚೆ ಸಾಮಾನ್ಯವಾಗಿ ‘ಗಾದೆಗಳು ಅನುವಾದವಾಗುವುದಿಲ್ಲ’ ಎಂಬ ಒಂದೇ ದೂರಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅಡಿಬರಹದಲ್ಲಿ ನಿಜವಾಗಿ ಕಳೆದುಹೋಗುವುದು ಗಾದೆಯಲ್ಲ. ಮಾತನಾಡುವ ಇಬ್ಬರ ನಡುವಿನ ಸಂಬಂಧ. ಆ ನಷ್ಟ ಹೇಗೆ ಸಂಭವಿಸುತ್ತದೆ, ಅದನ್ನು ಎಷ್ಟರಮಟ್ಟಿಗೆ ತಡೆಯಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಂಕೆಯ ಸ್ವರೂಪವನ್ನು ತಿಳಿಯಬೇಕು. ತೆರೆಯ ಮೇಲೆ ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬರೆಯುವಂತಿಲ್ಲ. ಇಂದು ವ್ಯಾಪಕವಾಗಿ ಅನುಸರಿಸಲಾಗುವ ನೆಟ್‌ಫ್ಲಿಕ್ಸ್ ಸಂಸ್ಥೆಯ ಮಾರ್ಗಸೂಚಿಯಂತೆ ಇಂಗ್ಲಿಷ್ ಸಾಲೊಂದಕ್ಕೆ ಗರಿಷ್ಠ 42 ಅಕ್ಷರಗಳು. ಪದಗಳ ನಡುವಿನ ತೆರವು ಮತ್ತು ಚಿಹ್ನೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಒಂದು ಅಡಿಬರಹ 7 ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಿಲ್ಲಬಾರದು. ಓದಿನ ವೇಗವನ್ನು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಅಳೆಯುತ್ತಾರೆ. ಯುರೋಪಿನ ದೂರದರ್ಶನಗಳ ಹಳೆಯ ರೂಢಿಯಲ್ಲಿ ತುಂಬಿದ ಎರಡು ಸಾಲುಗಳಿಗೆ 6 ಸೆಕೆಂಡು ಕೊಡುತ್ತಿದ್ದರು. ಅಂದರೆ ಸೆಕೆಂಡಿಗೆ ಸುಮಾರು 12 ಅಕ್ಷರ. ಮೇಲಿನ ಮಾರ್ಗಸೂಚಿ ವಯಸ್ಕರ ಇಂಗ್ಲಿಷ್ ಅಡಿಬರಹಕ್ಕೆ 20ರವರೆಗೆ ಅವಕಾಶ ನೀಡುತ್ತದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಓದುವ ಭಾರತೀಯ ಪ್ರೇಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇಲ್ಲಿ 17ನ್ನು ಮೇರೆಯಾಗಿ ಇಟ್ಟುಕೊಳ್ಳುತ್ತೇವೆ.

ಛಂದಸ್ಸನ್ನು ಓದಿದವರಿಗೆ ಈ ಬಗೆಯ ಅಂಕೆ ಅಪರಿಚಿತವೇನಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ, ಮೂರನೆಯ ಸಾಲಿಗೆ 23. ಕವಿ ಹೇಳಬೇಕಾದುದನ್ನು ಅದರೊಳಗೇ ಹೇಳಬೇಕು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಷಟ್ಪದಿಯ ಅಳತೆಯನ್ನು ತುಂಬುವವನೂ ಅದರ ಓಟವನ್ನು ನಿರ್ಧರಿಸುವವನೂ ಕವಿಯೇ. ಅಡಿಬರಹಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಕಾಲವನ್ನು ನಟನ ನಾಲಿಗೆ ಮತ್ತು ಸಂಕಲನಕಾರನ ಕತ್ತರಿ ಮೊದಲೇ ನಿರ್ಧರಿಸಿಬಿಟ್ಟಿವೆ. ಮುದ್ರಿತ ಅನುವಾದಕ್ಕಿರುವ ಟಿಪ್ಪಣಿಯ ಸೌಕರ್ಯವೂ ಅವನಿಗಿಲ್ಲ. ‘ಸಂಸ್ಕಾರ’ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಎ.ಕೆ. ರಾಮಾನುಜನ್ ಹಿನ್ನುಡಿಯನ್ನೂ ಟಿಪ್ಪಣಿಗಳನ್ನೂ ಜೊತೆಗಿರಿಸಿದರು. ಬೆಡಗಿನ ವಚನಗಳಿಗೆ ಟೀಕೆ ಬರೆದವರು ಒಂದು ಪದಕ್ಕೆ ಬೇಕಾದಷ್ಟು ವಾಕ್ಯಗಳನ್ನು ವ್ಯಯಿಸಬಹುದಿತ್ತು. ಅಡಿಬರಹಕ್ಕೆ ಅಂಚೇ ಇಲ್ಲ. ಓದುಗನಿಗೆ ಹಿಂದಿನ ಪುಟಕ್ಕೆ ಮರಳುವ ದಾರಿಯೂ ಇಲ್ಲ.

ಈ ಅಂಕೆಯೊಳಗೆ ಕನ್ನಡದ ಮಾತು ಹೇಗೆ ವರ್ತಿಸುತ್ತದೆ ಎಂಬುದನ್ನು ಕಾಣಲು ಒಂದು ಸನ್ನಿವೇಶವನ್ನು ನಾವೇ ಕಲ್ಪಿಸಿಕೊಳ್ಳೋಣ. ಮಗ ಕೆಲಸಕ್ಕೆಂದು ಮುಂಬಯಿಗೆ ಹೊರಟಿದ್ದಾನೆ. ಹೊಸ್ತಿಲಲ್ಲಿ ನಿಂತು ‘ಹೋಗ್ತೀನಮ್ಮ’ ಎನ್ನುತ್ತಾನೆ. ತಾಯಿ ತಕ್ಷಣ ತಿದ್ದುತ್ತಾಳೆ: ‘ಹೋಗ್ತೀನಿ ಅನ್ಬಾರ್ದು ಕಣೋ, ಹೋಗ್ಬರ್ತೀನಿ ಅನ್ನು.’ ಮಗನ ಮಾತಿಗೆ 1.2 ಸೆಕೆಂಡು, ತಾಯಿಯ ಮಾತಿಗೆ 2.8 ಸೆಕೆಂಡು ಹಿಡಿಯಿತೆನ್ನೋಣ. ಬರಿಯ ‘ಹೋಗುತ್ತೇನೆ’ ಎಂಬುದು ಮರಳಿ ಬಾರದವರ ಮಾತು, ಆದ್ದರಿಂದ ಅಶುಭ ಎಂಬ ನಂಬಿಕೆಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ತಾಯಿಯ ಮಾತನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಅಡಿಬರಹದ ಕಡತದಲ್ಲಿ ಅದು ಹೀಗಿರುತ್ತದೆ:

```
87
00:04:10,200 --> 00:04:13,000
You should not say 'I will go,' my son.
Say 'I will go and come back.'
```

ಮೊದಲ ಸಾಲಿನಲ್ಲಿ 39, ಎರಡನೆಯದರಲ್ಲಿ 30, ಒಟ್ಟು 69 ಅಕ್ಷರಗಳು. ಸಾಲಿನ ಉದ್ದ ಮೇರೆಯನ್ನು ಮೀರಿಲ್ಲ. ಆದರೆ 2.8 ಸೆಕೆಂಡಿನಲ್ಲಿ 69 ಅಕ್ಷರವೆಂದರೆ ಸೆಕೆಂಡಿಗೆ ಸುಮಾರು 25. ಓದಿ ಮುಗಿಯುವ ಮೊದಲೇ ಬರಹ ಮಾಯವಾಗುತ್ತದೆ. 17ರ ವೇಗದಲ್ಲಿ ಈ ಅವಧಿಗೆ ದೊರೆಯುವುದು 47 ಅಕ್ಷರಗಳು ಮಾತ್ರ. ‘ಹೋಗ್ಬರ್ತೀನಿ’ ಎಂಬ ಒಂದೇ ಉಸಿರಿನ ಪದಕ್ಕೆ ಇಂಗ್ಲಿಷಿನಲ್ಲಿ ಕರ್ತೃ, ಸಹಾಯಕ ಕ್ರಿಯಾಪದ, ಎರಡು ಕ್ರಿಯೆಗಳು, ನಡುವೆ ಒಂದು ಸಂಯೋಜಕ ಬೇಕಾಗುವುದೇ ಈ ಇಕ್ಕಟ್ಟಿಗೆ ಕಾರಣ. ಅದೂ ಅಲ್ಲದೆ ‘ಗೋ ಅಂಡ್ ಕಮ್’ ಎಂಬುದು ಇಂಗ್ಲಿಷ್ ಕಿವಿಗೆ ಬೀಳ್ಕೊಡುಗೆಯ ಮಾತಾಗಿ ಕೇಳುವುದೇ ಇಲ್ಲ. ಇನ್ನು ಇದನ್ನು ತಿದ್ದಿ ನೋಡೋಣ:

```
86
00:04:08,600 --> 00:04:09,800
I'm going, Amma.

87
00:04:10,200 --> 00:04:13,000
Don't say you're going.
Say you'll be back.
```

ಈಗ ತಾಯಿಯ ಮಾತು 23 ಮತ್ತು 19, ಒಟ್ಟು 42 ಅಕ್ಷರ. ಸೆಕೆಂಡಿಗೆ ಸರಿಯಾಗಿ 15. ಅಂಕೆಗೆ ಒಳಪಟ್ಟಿತು. ಆದರೆ ನಾವು ಗಮನಿಸಬೇಕಾದುದು ಕೇವಲ ಸಂಖ್ಯೆಯನ್ನಲ್ಲ. ಇಲ್ಲಿ ತಾಯಿಯ ಮಾತು ಮಗನ ಮಾತಿನ ತಿದ್ದುಪಡಿ. ಮಗನ ಬಾಯಲ್ಲಿ ‘ಬೈ ಅಮ್ಮ’ ಎಂದು ಬರೆದಿದ್ದರೆ ಐದಾರು ಅಕ್ಷರ ಉಳಿಯುತ್ತಿತ್ತು, ಓದಲು ಸಲೀಸಾಗಿಯೂ ಇರುತ್ತಿತ್ತು. ಆದರೆ ತಾಯಿ ಏನನ್ನು ತಿದ್ದುತ್ತಿದ್ದಾಳೆ ಎಂಬುದು ಪ್ರೇಕ್ಷಕನಿಗೆ ಹೊಳೆಯುತ್ತಿರಲಿಲ್ಲ. ಎರಡು ಅಡಿಬರಹಗಳಲ್ಲೂ ‘ಗೋಯಿಂಗ್’ ಎಂಬ ಒಂದೇ ಪದ ಬಂದಿರುವುದರಿಂದಲೇ ನಂಬಿಕೆಯ ವಿವರಣೆಯಿಲ್ಲದೆ ನಂಬಿಕೆ ಅರ್ಥವಾಗುತ್ತದೆ. ಎಂದರೆ, ಅನುವಾದದ ಘಟಕ ವಾಕ್ಯವಲ್ಲ, ಮಾತು ಮತ್ತು ಮರುಮಾತಿನ ಜೋಡಿ.

ಈ ಚಿತ್ರದ ಕೊನೆಯಲ್ಲಿ ಮಗ ಜಗಳವಾಡಿ ಅದೇ ಹೊಸ್ತಿಲಲ್ಲಿ ನಿಂತು, ಬೇಕೆಂದೇ ‘ಹೋಗ್ತೀನಿ’ ಎಂದು ಹೇಳಿ ಇಳಿದುಹೋಗುತ್ತಾನೆ, ತಾಯಿ ತಿದ್ದದೆ ಸುಮ್ಮನಿರುತ್ತಾಳೆ ಎಂದು ಭಾವಿಸಿದರೆ ಆಗಿನ ಅಡಿಬರಹ ಏನಾಗಬೇಕು? ಆ ದೃಶ್ಯವನ್ನು ಮಾತ್ರ ನೋಡಿದವನು ‘ಐ ಆಮ್ ಲೀವಿಂಗ್’ ಎಂದೋ ‘ಗುಡ್‌ಬೈ’ ಎಂದೋ ಬರೆಯಬಹುದು. ಎರಡೂ ತಪ್ಪಲ್ಲದ ಇಂಗ್ಲಿಷ್. ಆದರೆ ಮೊದಲ ದೃಶ್ಯದ ‘ಗೋಯಿಂಗ್’ ಮರಳಿ ಬಾರದಿದ್ದರೆ ತಾಯಿಯ ಮೌನಕ್ಕೆ ಅರ್ಥವಿರುವುದಿಲ್ಲ; ಚಿತ್ರದ ತುದಿಯೇ ಮೊಂಡಾಗುತ್ತದೆ. ಆದ್ದರಿಂದ ಅಡಿಬರಹಕಾರ ಕೆಲಸಕ್ಕೆ ತೊಡಗುವ ಮುನ್ನ ಇಡೀ ಚಿತ್ರವನ್ನು ನೋಡಿ, ಮರುಕಳಿಸುವ ಮಾತುಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದಕ್ಕೂ ಇಂಗ್ಲಿಷ್ ಪದವನ್ನು ನಿಗದಿಗೊಳಿಸಿಕೊಳ್ಳಬೇಕಾಗುತ್ತದೆ. ಬಿಡುಗಡೆಯ ಆತುರದಲ್ಲಿ ಚಿತ್ರವನ್ನು ಭಾಗಭಾಗವಾಗಿ ಹಲವರಿಗೆ ಹಂಚಿದಾಗ ಮೊದಲು ತಪ್ಪಿಹೋಗುವುದು ಇಂಥ ಕೊಂಡಿಗಳೇ.

ಮೇಲಿನ ಉದಾಹರಣೆಯಲ್ಲಿ ‘ಕಣೋ’ ಎಂಬುದು ಉಳಿಯಲಿಲ್ಲ. ತಾಯಿಯ ಮುಖ ಮತ್ತು ದನಿ ಅದನ್ನು ತುಂಬಿಕೊಡುತ್ತವೆ ಎಂಬ ಸಮಾಧಾನ ಇಲ್ಲಿ ಸಲ್ಲುತ್ತದೆ. ಆದರೆ ಸಂಬೋಧನೆಯ ವಿಷಯದಲ್ಲಿ ಈ ಸಮಾಧಾನ ಎಲ್ಲ ಕಡೆಯೂ ಸಲ್ಲುವುದಿಲ್ಲ. ಕನ್ನಡದಲ್ಲಿ ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರು ಬಹುವಚನದಲ್ಲಿ ಕರೆಯುತ್ತಾರೆ ಎಂಬುದರಲ್ಲೇ ವಯಸ್ಸು, ಜಾತಿ, ಸಲಿಗೆ, ಅಧಿಕಾರಗಳೆಲ್ಲ ತಿಳಿದುಬಿಡುತ್ತವೆ. ‘ಬಂದ್ಯಾ’ ಮತ್ತು ‘ಬಂದ್ರಾ’ ಎಂಬೆರಡರ ನಡುವಣ ಅಂತರ ಕ್ರಿಯಾಪದದ ತುದಿಯಲ್ಲಿದೆ. ಇಂಗ್ಲಿಷಿನ ‘ಯೂ’ ಎರಡನ್ನೂ ನುಂಗಿಹಾಕುತ್ತದೆ. ಕಥೆಯ ತಿರುವು ಈ ಅಂತರದ ಮೇಲೆಯೇ ನಿಂತಿದ್ದರೆ ಅಡಿಬರಹಕಾರ ಏನು ಮಾಡಬಲ್ಲ?

ಇನ್ನೊಂದು ಕಲ್ಪಿತ ಸನ್ನಿವೇಶ. ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಮುದುಕನಾದ ಜೀತದಾಳು ಜಮೀನ್ದಾರನನ್ನು ಉದ್ದಕ್ಕೂ ‘ಬುದ್ಧಿ’ ಎಂದೇ ಕರೆಯುತ್ತ ಬಂದಿದ್ದಾನೆ. ಕಡೆಗೊಂದು ದಿನ ಹೇಳುತ್ತಾನೆ: ‘ಇಷ್ಟು ವರ್ಷ ನೀವು ಹೇಳಿದ್ದು ಕೇಳ್ದೆ ಬುದ್ಧಿ.’ ಸ್ವಲ್ಪ ತಡೆದು, ‘ಈಗ ನೀನು ಕೇಳು.’ ಕನ್ನಡ ಬಲ್ಲವರಿಗೆ ‘ನೀನು’ ಎಂಬ ಒಂದೇ ಪದದಲ್ಲಿ ಒಂದು ವ್ಯವಸ್ಥೆ ಕುಸಿಯುತ್ತದೆ. ಇಂಗ್ಲಿಷಿನಲ್ಲಿ ಜಮೀನ್ದಾರನ ಹೆಸರನ್ನು ಹಿಡಿದು ಕರೆಸುವುದು ಒಂದು ಉಪಾಯ: ‘ಈಗ ಕೇಳು ರಂಗಪ್ಪ’ ಎಂಬಂತೆ. ಆದರೆ ನಟ ಉಚ್ಚರಿಸದ ಹೆಸರು ತೆರೆಯ ಮೇಲೆ ಬಂದರೆ ಕನ್ನಡ ಬಾರದವನಿಗೂ ಅದು ಗೊತ್ತಾಗುತ್ತದೆ, ಏಕೆಂದರೆ ಹೆಸರುಗಳನ್ನು ಎಲ್ಲ ಭಾಷೆಯವರೂ ಕಿವಿಯಿಂದಲೇ ಗುರುತಿಸುತ್ತಾರೆ. ನಾವು ಒಪ್ಪುವ ಪರಿಹಾರ ಇದು:

```
642
00:51:20,000 --> 00:51:22,200
All these years I listened, sir.

643
00:51:23,300 --> 00:51:25,000
Now you listen.
```

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎರಡು ಮಾತುಗಳನ್ನು ಒಂದೇ ಅಡಿಬರಹದ ಎರಡು ಸಾಲುಗಳಾಗಿ ಇಡಬಹುದಿತ್ತು. ಸ್ಥಳವೂ ಇತ್ತು, ಕಾಲವೂ ಇತ್ತು. ಹಾಗೆ ಇಟ್ಟಿದ್ದರೆ ಮುದುಕ ತಡೆದು ನಿಂತಿರುವಾಗಲೇ ಪ್ರೇಕ್ಷಕ ಎರಡನೆಯ ಸಾಲನ್ನು ಓದಿ ಮುಗಿಸುತ್ತಿದ್ದ. ನಟನ ಮೌನ ವ್ಯರ್ಥವಾಗುತ್ತಿತ್ತು. ಎರಡನೆಯದಾಗಿ, ‘ಕೇಳು’ ಎಂಬ ಧಾತುವಿಗೆ ಆಲಿಸು, ವಿಧೇಯನಾಗು ಎಂಬ ಎರಡು ಅರ್ಥಗಳಿವೆ. ಇಂಗ್ಲಿಷಿನ ‘ಲಿಸನ್’ ಎರಡನ್ನೂ ಸಾಕಷ್ಟು ಹೊರುತ್ತದೆ. ಮೊದಲ ಸಾಲಿನಲ್ಲಿ ‘ಒಬೇ’ ಎಂದು ಬರೆದಿದ್ದರೆ ಅರ್ಥ ಖಚಿತವಾಗುತ್ತಿತ್ತು, ಆದರೆ ತಿರುಗುಬಾಣ ತಪ್ಪುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮೊದಲ ಸಾಲಿನಲ್ಲಿ ‘ಸರ್’ ಇದೆ, ಎರಡನೆಯದರಲ್ಲಿ ಇಲ್ಲ. ಏಕವಚನದ ಪೆಟ್ಟನ್ನು ಹೊತ್ತಿರುವುದು ಈ ಇಲ್ಲದಿರುವಿಕೆಯೇ.

ಆದರೆ ಇಲ್ಲದಿರುವುದು ಕಾಣಿಸಬೇಕಾದರೆ ಅದು ಮೊದಲು ಇದ್ದಿರಬೇಕು. ಅಲ್ಪವಿರಾಮ ಮತ್ತು ತೆರವು ಸೇರಿ ಈ ‘ಸರ್’ 5 ಅಕ್ಷರಗಳನ್ನು ತಿನ್ನುತ್ತದೆ. ಮೇರೆಯನ್ನು ಮೀರಿದ ಸಾಲನ್ನು ಕುಗ್ಗಿಸುವಾಗ ಮೊದಲು ಕೈಬಿಡುವುದು ಇಂಥದನ್ನೇ. ಕಥೆಗೆ ಇದರಿಂದ ಯಾವ ಮಾಹಿತಿಯೂ ಒದಗುವುದಿಲ್ಲ ಎಂಬುದು ಸಮರ್ಥನೆ. ಮೊದಲ 50 ನಿಮಿಷಗಳಲ್ಲಿ ಹೀಗೆ ಐದೈದು ಅಕ್ಷರಗಳನ್ನು ಉಳಿಸಿದ ಅಡಿಬರಹಕಾರ 51ನೆಯ ನಿಮಿಷದಲ್ಲಿ ದಿವಾಳಿಯಾಗುತ್ತಾನೆ. ಕುಗ್ಗಿಸಲೇಬೇಕಾದಾಗ ಚಿತ್ರವೇ ಹೇಳುತ್ತಿರುವುದನ್ನು ಕುಗ್ಗಿಸಬೇಕು. ಮುದುಕ ನೊಗವನ್ನು ತೋರಿಸಿ ‘ಈ ನೊಗ ಮುರಿದಿದೆ ಬುದ್ಧಿ’ ಎಂದರೆ ನೊಗ ತೆರೆಯ ಮೇಲಿದೆ. ‘ಇಟ್ಸ್ ಬ್ರೋಕನ್, ಸರ್’ ಎಂದರೆ ಸಾಕು. ನೊಗ ಹೋದರೂ ‘ಬುದ್ಧಿ’ ಉಳಿಯಬೇಕು. ಪ್ರಚಲಿತ ರೂಢಿ ಇದಕ್ಕೆ ವಿರುದ್ಧವಾಗಿದೆ ಎಂಬುದೇ ನಮ್ಮ ಆಕ್ಷೇಪ.

ಬಂಧುವಾಚಕಗಳ ಸ್ಥಿತಿಯೂ ಇದೇ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿ ಬಾಲಕ ನಾಣಿ ವಿಧವೆಯಾದ ಯಮುನೆಯನ್ನು ‘ಯಮುನಕ್ಕ’ ಎಂದು ಕರೆಯುತ್ತಾನೆ. ರೋಮನ್ ಲಿಪಿಯಲ್ಲಿ ‘ಯಮುನ’ ಎಂಬುದಕ್ಕೆ 6 ಅಕ್ಷರ, ‘ಯಮುನಕ್ಕ’ ಎಂಬುದಕ್ಕೆ 9. ಉಳಿತಾಯ ಮೂರು ಅಕ್ಷರ. ಆದರೆ ಊರೆಲ್ಲ ದೂರವಿಟ್ಟ ಹೆಣ್ಣಿಗೆ ಒಬ್ಬ ಹುಡುಗ ಕೊಡುವ ಬಾಂಧವ್ಯ ಆ ಮೂರು ಅಕ್ಷರಗಳಲ್ಲೇ ಇದೆ. ‘ಅಕ್ಕ’ ಎಂಬುದಕ್ಕೆ ಇಂಗ್ಲಿಷಿನ ‘ಸಿಸ್ಟರ್’ ಒದಗುವುದಿಲ್ಲ. ಅದು ಆಸ್ಪತ್ರೆಯನ್ನೋ ಕಾನ್ವೆಂಟನ್ನೋ ನೆನಪಿಗೆ ತರುತ್ತದೆ. ಕನ್ನಡದ ಪದವನ್ನೇ ಇಡುವುದು ಲೇಸು. ನಾಲ್ಕಾರು ಬಾರಿ ಕೇಳಿ ಓದಿದ ಮೇಲೆ ಪರಭಾಷಿಕರಿಗೂ ಅದು ಒಗ್ಗುತ್ತದೆ.

ಈಗ ನುಡಿಗಟ್ಟುಗಳ ಪ್ರಶ್ನೆಗೆ ಬರಬಹುದು. ನುಡಿಗಟ್ಟನ್ನು ಪದಶಃ ಇಡಬೇಕೋ, ಅರ್ಥ ಮಾತ್ರ ಕೊಡಬೇಕೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಕಡೆ ಪದಶಃ ಅನುವಾದ ಅಪಾಯಕಾರಿ. ‘ಅವನು ಕೈ ಕೊಟ್ಟ’ ಎಂದರೆ ಕನ್ನಡದಲ್ಲಿ ವಂಚಿಸಿದ, ನಡುವೆ ಬಿಟ್ಟುಹೋದ ಎಂದರ್ಥ. ಅದನ್ನೇ ಇಂಗ್ಲಿಷಿನಲ್ಲಿ ‘ಗೇವ್ ಎ ಹ್ಯಾಂಡ್’ ಎಂದರೆ ನೆರವಾದ ಎಂದಾಗುತ್ತದೆ. ವ್ಯಾಕರಣದ ದೋಷವಿಲ್ಲದ ಇಂಥ ತಪ್ಪನ್ನು ಕನ್ನಡವರಿಯದ ಪರಿಶೀಲಕ ಹಿಡಿಯಲಾರ. ಇನ್ನು ‘ಎಳ್ಳುನೀರು ಬಿಡು’ ಎಂಬುದನ್ನು ತೆಗೆದುಕೊಳ್ಳೋಣ. ‘ಆ ದುಡ್ಡಿಗೆ ಎಳ್ಳುನೀರು ಬಿಟ್ಟೆ’ ಎಂದು ಅಂಗಡಿಯವನೊಬ್ಬ ಹೇಳಿದರೆ, ಆಸೆ ಬಿಟ್ಟೆ ಎಂಬಷ್ಟು ಅರ್ಥ ಸಾಕು. ಎಳ್ಳನ್ನೂ ನೀರನ್ನೂ ಇಂಗ್ಲಿಷಿಗೆ ತಂದರೆ ಎರಡು ಸೆಕೆಂಡಿನ ಮಾತಿನಲ್ಲಿ ಪ್ರೇಕ್ಷಕ ಅಡುಗೆಮನೆಯನ್ನು ನೆನೆಯುತ್ತಾನೆ. ಆದರೆ ಚಿತ್ರದ ವಸ್ತುವೇ ಸಾವು ಮತ್ತು ಅಪರಕರ್ಮವಾಗಿದ್ದು, ಮುಂದಿನ ದೃಶ್ಯದಲ್ಲಿ ನಿಜವಾದ ತರ್ಪಣ ನಡೆಯುವುದಾದರೆ, ಬರಿಯ ‘ಆಸೆ ಬಿಟ್ಟೆ’ ಸಾಲದು. ಆಗ ‘ದಟ್ ಮನಿ ಈಸ್ ಡೆಡ್ ಟು ಮಿ’ ಎಂಬಂತೆ ಸಾವಿನ ನೆರಳನ್ನಾದರೂ ಉಳಿಸಿಕೊಳ್ಳಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಈ ನುಡಿಗಟ್ಟಿಗೆ ಇಂಗ್ಲಿಷಿನಲ್ಲಿ ಏನು?’ ಎಂಬುದಲ್ಲ, ‘ಈ ನುಡಿಗಟ್ಟಿನ ಪ್ರತಿಮೆ ಚಿತ್ರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆಯೆ?’ ಎಂಬುದು. ಕಾಣಿಸಿಕೊಳ್ಳುವುದಾದರೆ ಅದಕ್ಕೆ ಅಕ್ಷರಗಳನ್ನು ವ್ಯಯಿಸಬೇಕು, ಇಲ್ಲವಾದರೆ ಅರ್ಥಕ್ಕೆ ತೃಪ್ತಿಪಡಬೇಕು. ಶೀರ್ಷಿಕೆಗೂ ಇದೇ ನ್ಯಾಯ. ‘ಘಟಶ್ರಾದ್ಧ’ಕ್ಕೆ ಇಂಗ್ಲಿಷಿನಲ್ಲಿ ‘ದಿ ರಿಚುಯಲ್’ ಎಂಬ ಹೆಸರಿದೆ. ಬದುಕಿರುವ ಮಗಳಿಗೆ ತಂದೆಯೇ ಮಾಡುವ ಶ್ರಾದ್ಧ ಎಂಬ ಕ್ರೌರ್ಯ ‘ಒಂದು ವಿಧಿ’ ಎಂಬ ಸಾಮಾನ್ಯ ನಾಮದಲ್ಲಿ ಅಡಗಿಹೋಗಿದೆ. ಇದಕ್ಕೆ ಪ್ರತಿಯಾಗಿ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ ತನ್ನ ಕನ್ನಡ ಹೆಸರನ್ನೇ ಉಳಿಸಿಕೊಂಡು ಹೋಯಿತು. ಪದದ ಅರ್ಥವನ್ನು ಚಿತ್ರವೇ ಕಲಿಸುತ್ತದೆ.

‘ತಿಥಿ’ಯನ್ನು ನೆನೆದಾಗ ಪ್ರಾದೇಶಿಕ ಭೇದದ ಮಾತೂ ಬರುತ್ತದೆ. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿರುವ ಆ ಚಿತ್ರದ ಆಡುಮಾತಿನ ಸೊಗಡಿಗೆ ಇಂಗ್ಲಿಷಿನಲ್ಲಿ ಸಮಾನವಾದುದಿಲ್ಲ. ಲಂಡನ್ನಿನ ಅಥವಾ ಅಮೆರಿಕದ ಯಾವುದೋ ಗ್ರಾಮ್ಯವನ್ನು ಹಚ್ಚಿದರೆ ಮಂಡ್ಯದ ರೈತ ಬೇರೊಂದು ದೇಶದವನಾಗುತ್ತಾನೆ. ಓದಿನ ವೇಗವೂ ಕುಗ್ಗುತ್ತದೆ. ಇದು ಅಡಿಬರಹದ ನಿಜವಾದ ಮಿತಿ, ಅದನ್ನು ಒಪ್ಪಿಕೊಳ್ಳಬೇಕು. ಚಿಕ್ಕ ವಾಕ್ಯ, ದಿನಬಳಕೆಯ ಪದ ಇಷ್ಟರಿಂದಲೇ ಗ್ರಾಂಥಿಕವಲ್ಲದ ಧಾಟಿಯನ್ನು ಸೂಚಿಸಬಹುದಷ್ಟೆ.

ಇಂಗ್ಲಿಷ್ ಅಡಿಬರಹದ ದೋಷ ಇಂಗ್ಲಿಷಿನಲ್ಲೇ ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡ ಚಿತ್ರವನ್ನು ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳಿಗೆ ತರುವಾಗ ಅನುವಾದಕರ ಕೈಯಲ್ಲಿ ಹಲವು ವೇಳೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಕಡತ. ಹಿಂದಿಯ ‘ತೂ, ತುಮ್, ಆಪ್’ ಮತ್ತು ಫ್ರೆಂಚಿನ ‘ತ್ಯು, ವೂ’ ನಮ್ಮ ‘ನೀನು, ನೀವು’ ಭೇದವನ್ನು ಚೆನ್ನಾಗಿಯೇ ಹೊರಬಲ್ಲವು. ಆದರೆ ನಡುವಣ ‘ಯೂ’ ಎಂಬ ಕಿರುಬಾಗಿಲಿನಲ್ಲಿ ಆ ಭೇದ ಉದುರಿಹೋಗಿರುತ್ತದೆ. ಆಚೆಯ ಅನುವಾದಕ ಊಹೆಯಿಂದ ಒಂದನ್ನು ಆರಿಸಿ, ಮುದುಕನಿಂದ ಮೊದಲಿನಿಂದಲೂ ಏಕವಚನವನ್ನೇ ಆಡಿಸಿಬಿಡಬಹುದು. ಇದಕ್ಕೆ ಪರಿಹಾರ ಸರಳ. ತೆರೆಗೆ ಬಾರದ ಟಿಪ್ಪಣಿಯೊಂದನ್ನು ಕಡತದ ಜೊತೆ ಕಳುಹಿಸಬೇಕು: ಯಾವ ಪಾತ್ರ ಯಾರನ್ನು ಯಾವ ವಚನದಲ್ಲಿ, ಯಾವ ಬಂಧುವಾಚಕದಿಂದ ಕರೆಯುತ್ತದೆ, ಎಷ್ಟನೆಯ ಅಡಿಬರಹದಲ್ಲಿ ಅದು ಬದಲಾಗುತ್ತದೆ ಎಂಬ ವಿವರ. ಒಂದು ಚಿತ್ರಕ್ಕೆ ಇದು ಒಂದೆರಡು ಪುಟಗಳ ಕೆಲಸ. ಹಿಂದಿನ ಟೀಕಾಕಾರನ ಅಂಚು ಹೀಗೆ ಮರಳಿ ದೊರೆತಂತಾಗುತ್ತದೆ.

ಕೊನೆಯದಾಗಿ ವಿಮರ್ಶಕನ ಕೆಲಸದ ಬಗ್ಗೆ. ಅಡಿಬರಹವನ್ನು ಕಾಗದದ ಮೇಲೆ ಮೂಲದ ಪಕ್ಕದಲ್ಲಿಟ್ಟು ಹೋಲಿಸಿ ‘ಇದು ಬಿಟ್ಟಿದೆ, ಅದು ಬಿಟ್ಟಿದೆ’ ಎಂದು ಪಟ್ಟಿಮಾಡುವುದು ನ್ಯಾಯವಲ್ಲ. ಮೂರನೆಯ ಒಂದು ಭಾಗವನ್ನಾದರೂ ಬಿಡದೆ ವಿಧಿಯಿಲ್ಲದ ದೃಶ್ಯಗಳಿರುತ್ತವೆ. ಚಿತ್ರವನ್ನು ಒಮ್ಮೆ ದನಿಯಿಲ್ಲದೆ, ಅಡಿಬರಹವನ್ನು ಮಾತ್ರ ಓದುತ್ತ ನೋಡಬೇಕು. ಆಗ ಯಾರು ಹಿರಿಯರು, ಯಾರು ಯಾರಿಗೆ ಅಂಜುತ್ತಾರೆ, ಸಲಿಗೆ ಎಲ್ಲಿ ಮುರಿಯಿತು ಎಂಬುದು ತಿಳಿಯುತ್ತದೆಯೆ ಎಂದು ಕೇಳಿಕೊಳ್ಳಬೇಕು. ಮತ್ತೊಮ್ಮೆ ಸಭೆಯಲ್ಲಿ ಕುಳಿತು ನೋಡಬೇಕು. ನಟ ಮಾತು ಮುಗಿಸುವ ಮೊದಲೇ ನಗು ಬಂದರೆ ಅಡಿಬರಹ ಬೇಗ ಬಂದಿದೆ. ಕನ್ನಡಿಗರು ಮಾತ್ರ ನಕ್ಕರೆ ಏನೋ ಉಳಿದುಹೋಗಿದೆ. ಕನ್ನಡಿಗರು ಮಾತ್ರ ಮೌನವಾದರೆ, ಅಲ್ಲಿ ಬಹುಶಃ ಒಂದು ‘ನೀನು’ ಕಳೆದುಹೋಗಿದೆ. ಈ ಮೂರನೆಯದನ್ನು ಗುರುತಿಸಬಲ್ಲವರು ಎರಡೂ ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರೇ. ನಮ್ಮ ಅಧ್ಯಯನ ಪೀಠಗಳ ವಿದ್ಯಾರ್ಥಿಗಳು ಒಂದೊಂದು ಚಿತ್ರವನ್ನು ಆರಿಸಿಕೊಂಡು ಅದರ ಸಂಬೋಧನೆಗಳ ಪಟ್ಟಿಯನ್ನು ಸಿದ್ಧಪಡಿಸಿದರೆ, ಮುಂದೆ ಆ ಚಿತ್ರಕ್ಕೆ ಹೊಸ ಅಡಿಬರಹ ಬರೆಯುವವರಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಹಳೆಯ ಚಿತ್ರಗಳು ಹೀಗೆ ಹೊಸ ಪ್ರೇಕ್ಷಕರನ್ನು ತಲುಪುತ್ತಿರುವಾಗ, ಈ ಕೆಲಸವನ್ನು ‘ಯಮುನಕ್ಕ’ನಿಂದಲೇ ಆರಂಭಿಸಬಹುದು.